ಮಂಡಕ್ಕಿ ಹಾಲು, ರಾಗಿ ಹಾಲು, ಕುಚ್ಚಲಕ್ಕಿ ಗಂಜಿ: ಆರು ಕಿಲೋದ ಮಗುವಿಗೆ ಯಾವುದು?

ತೀವ್ರ ಅಪೌಷ್ಟಿಕತೆಯಿಂದ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ದಾಖಲಾಗುವ ಮಗುವಿಗೆ ಏನು ಉಣಿಸಬೇಕೆಂಬ ಪ್ರಶ್ನೆಗೆ ಕಾರವಾರ, ಅಂಕೋಲಾ ಕಡೆಯ ಮನೆಗಳಲ್ಲಿ ಸಿಗುವ ಮೊದಲ ಉತ್ತರ ಕುಚ್ಚಲಕ್ಕಿ ಗಂಜಿ. ಕೇಂದ್ರದ ಅಡುಗೆಮನೆಯ ಉತ್ತರ ಹಾಲು, ಸಕ್ಕರೆ ಮತ್ತು ಎಣ್ಣೆಯ ಮಿಶ್ರಣ. ಇವೆರಡರ ನಡುವೆ ಹಾಲಿಗೆ ಮಂಡಕ್ಕಿ ಪುಡಿ ಬೆರೆಸುವ ಕ್ರಮವೂ ರಾಗಿ ಬೆರೆಸುವ ಕ್ರಮವೂ ಇವೆ. ಕರಾವಳಿಯ ಇಂಥ ಒಂದು ಕೇಂದ್ರದಲ್ಲಿ ಆಹಾರ ತಯಾರಿಸಿ ಉಣಿಸುವ ಕೆಲಸ ಮಾಡುತ್ತ ಈ ನಾಲ್ಕನ್ನೂ ಬಳಸಿ ನೋಡಿದ್ದೇನೆ. ಇಲ್ಲಿ ಒಂದೇ ಮಗುವಿನ ಲೆಕ್ಕವನ್ನು ಹಿಡಿದು ಅವುಗಳನ್ನು ಹೋಲಿಸುತ್ತೇನೆ.

ಮಗುವಿಗೆ ಒಂದೂವರೆ ವರ್ಷ, ಹೆಣ್ಣು, ತೂಕ 6 ಕಿಲೋ, ಉದ್ದ 73 ಸೆಂಟಿಮೀಟರ್, ತೋಳಿನ ಸುತ್ತಳತೆ 110 ಮಿಲಿಮೀಟರ್. ಸುತ್ತಳತೆ 115ಕ್ಕಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆಯೆಂದೇ ಪರಿಗಣಿಸುತ್ತಾರೆ. ಪಾದದಲ್ಲಿ ಬಾವು ಇರಲಿಲ್ಲ, ಆದರೆ ಹಸಿವಿನ ಪರೀಕ್ಷೆಯಲ್ಲಿ ಮಗು ತಿನ್ನಲು ಒಪ್ಪದ ಕಾರಣ ದಾಖಲಿಸಿಕೊಳ್ಳಬೇಕಾಯಿತು.

ಇಂಥ ಮಗುವಿಗೆ ಮೊದಲ ದಿನಗಳಲ್ಲಿ ಕೊಡುವ ಆಹಾರದ ಉದ್ದೇಶ ತೂಕ ಏರಿಸುವುದಲ್ಲ. ದೇಹದ ಎಲ್ಲ ಅಂಗಗಳೂ ನಿಧಾನಗೊಂಡಿರುವಾಗ ಹೆಚ್ಚು ಪ್ರೋಟೀನನ್ನೂ ಉಪ್ಪನ್ನೂ ಒಮ್ಮೆಲೇ ಕೊಟ್ಟರೆ ಹೃದಯಕ್ಕೆ ಅದು ಭಾರವಾಗುತ್ತದೆ. ಆದ್ದರಿಂದ 100 ಮಿಲಿಲೀಟರಿಗೆ 75 ಕ್ಯಾಲರಿ, ಸುಮಾರು ಒಂದು ಗ್ರಾಂ ಪ್ರೋಟೀನ್ ಇರುವ ಆರಂಭಿಕ ಆಹಾರವನ್ನು ತೂಕದ ಪ್ರತಿ ಕಿಲೋಗೆ ದಿನಕ್ಕೆ 130 ಮಿಲಿಲೀಟರಿನಂತೆ ಕೊಡುತ್ತೇವೆ. ಈ ಮಗುವಿಗೆ ಅದು ದಿನಕ್ಕೆ 780 ಮಿಲಿಲೀಟರ್, ಅಂದರೆ ರಾತ್ರಿಯೂ ಸೇರಿ ಎರಡು ಗಂಟೆಗೊಮ್ಮೆ 65 ಮಿಲಿಲೀಟರ್ ಆಯಿತು.

ಆರಂಭಿಕ ಆಹಾರದಲ್ಲಿ ನಿಜವಾದ ಸ್ಪರ್ಧೆ ಇರುವುದು ಎರಡು ಕ್ರಮಗಳ ನಡುವೆ ಮಾತ್ರ. ಒಂದರಲ್ಲಿ 30 ಮಿಲಿಲೀಟರ್ ಹಸುವಿನ ಹಾಲಿಗೆ 9 ಗ್ರಾಂ ಸಕ್ಕರೆ, 2 ಗ್ರಾಂ ಎಣ್ಣೆ ಹಾಕಿ, ಕುದಿಸಿ ಆರಿಸಿದ ನೀರು ಸೇರಿಸಿ 100 ಮಿಲಿಲೀಟರ್ ಮಾಡುತ್ತೇವೆ. ಇನ್ನೊಂದರಲ್ಲಿ ಅಷ್ಟೇ ಹಾಲಿಗೆ ಸಕ್ಕರೆಯನ್ನು 6 ಗ್ರಾಂಗೆ ಇಳಿಸಿ, 2.5 ಗ್ರಾಂ ಮಂಡಕ್ಕಿ ಪುಡಿ ಮತ್ತು 2.5 ಗ್ರಾಂ ಎಣ್ಣೆ ಸೇರಿಸುತ್ತೇವೆ. ಮೊದಲನೆಯದು ನಡುರಾತ್ರಿಯಲ್ಲೂ ಬೇಗ ಸಿದ್ಧವಾಗುತ್ತದೆ, ಗಂಟಲಲ್ಲಿ ಸಲೀಸಾಗಿ ಇಳಿಯುತ್ತದೆ. ಆದರೆ ಅದರಲ್ಲಿ ಸಕ್ಕರೆಯ ಸಾಂದ್ರತೆ ಹೆಚ್ಚು, ಕೆಲವು ಮಕ್ಕಳ ಕರುಳು ಅದನ್ನು ತಾಳುವುದಿಲ್ಲ. ಈ ಮಗುವಿಗೂ ಮೂರನೆಯ ದಿನ ನೀರಾದ ಭೇದಿ ಹೆಚ್ಚಿತು. ನಿರ್ಜಲೀಕರಣ ಇಲ್ಲವೆಂದು ವೈದ್ಯರು ಖಚಿತಪಡಿಸಿದ ಮೇಲೆ ಮಂಡಕ್ಕಿಯ ಕ್ರಮಕ್ಕೆ ಬದಲಾಯಿಸಿದೆವು, ಭೇದಿ ಹತೋಟಿಗೆ ಬಂತು. ಅಂದಿನಿಂದ ಭೇದಿಯೊಂದಿಗೆ ಬರುವ ಮಗುವಿಗೆ ಮೊದಲ ಲೋಟದಿಂದಲೇ ಮಂಡಕ್ಕಿ ಹಾಲು ಕೊಡುವುದು ನನ್ನ ಒಲವು.

ಮಂಡಕ್ಕಿಗೆ ಇನ್ನೊಂದು ಅನುಕೂಲವಿದೆ. ಅದು ಈಗಾಗಲೇ ಬೆಂದ ಅಕ್ಕಿಯಾದ್ದರಿಂದ ಪುಡಿ ಮಾಡಿ, ಜರಡಿ ಹಿಡಿದು, ಬಿಸಿ ಹಾಲಿಗೆ ಬೆರೆಸಿದರೆ ಸಾಕು, ಮತ್ತೆ ಬೇಯಿಸಬೇಕಾಗಿಲ್ಲ. ಆದರೆ ಅಂಗಡಿಯಲ್ಲಿ ಚುರುಮುರಿಗೆಂದು ಮಾರುವ ಮಂಡಕ್ಕಿಯಲ್ಲಿ ಬಹಳ ಸಲ ಉಪ್ಪಿರುತ್ತದೆ. ಅಪೌಷ್ಟಿಕ ಮಗುವಿನ ದೇಹದಲ್ಲಿ ಸೋಡಿಯಂ ಮೊದಲೇ ಹೆಚ್ಚಾಗಿದ್ದು ಪೊಟ್ಯಾಸಿಯಂ ಕಡಿಮೆಯಾಗಿರುವುದರಿಂದ ಆ ಉಪ್ಪು ಹಾನಿಕರ. ಖರೀದಿಸುವಾಗ ನಾಲ್ಕು ಕಾಳನ್ನು ಬಾಯಿಗೆ ಹಾಕಿ, ಸಪ್ಪೆಯಾಗಿದ್ದರೆ ಮಾತ್ರ ತರಬೇಕು. ಪೊಟ್ಯಾಸಿಯಂ ಮತ್ತು ಇತರ ಖನಿಜಗಳನ್ನು ವೈದ್ಯರು ಬೇರೆಯಾಗಿಯೇ ಬರೆದುಕೊಡುತ್ತಾರೆ. ಯಾವ ಕ್ರಮದ ಹಾಲೂ ಅವುಗಳಿಗೆ ಬದಲಿಯಲ್ಲ, ಮನೆಯವರು ಪ್ರೀತಿಯಿಂದ ತರುವ ಎಳನೀರೂ ಅಲ್ಲ. ಕಬ್ಬಿಣದ ಔಷಧಿಯನ್ನು ಈ ಹಂತದಲ್ಲಿ ಕೊಡುವುದಿಲ್ಲ, ತೂಕ ಏರತೊಡಗಿದ ಮೇಲೆ ಆರಂಭಿಸುತ್ತೇವೆ.

ಹಸಿವು ಮರಳಿದ ಮೇಲೆ ಹೋಲಿಕೆ ಕುತೂಹಲಕರವಾಗುತ್ತದೆ, ಏಕೆಂದರೆ ಈಗ ಬೇಕಾದದ್ದು 100 ಮಿಲಿಲೀಟರಿಗೆ 100 ಕ್ಯಾಲರಿ ಮತ್ತು ಸುಮಾರು 2.9 ಗ್ರಾಂ ಪ್ರೋಟೀನ್ ಇರುವ ಬೆಳವಣಿಗೆಯ ಆಹಾರ. ಹಾಲು, ಸಕ್ಕರೆ, ಎಣ್ಣೆಯ ಕ್ರಮದಲ್ಲಿ ಇದಕ್ಕೆ 95 ಮಿಲಿಲೀಟರ್ ಹಾಲು, 5 ಗ್ರಾಂ ಸಕ್ಕರೆ, 2 ಗ್ರಾಂ ಎಣ್ಣೆ ಬೇಕು. ಮಂಡಕ್ಕಿಯ ಕ್ರಮದಲ್ಲಿ 75 ಮಿಲಿಲೀಟರ್ ಹಾಲು, 7 ಗ್ರಾಂ ಮಂಡಕ್ಕಿ ಪುಡಿ, 2.5 ಗ್ರಾಂ ಸಕ್ಕರೆ, 2 ಗ್ರಾಂ ಎಣ್ಣೆ ಸಾಕು. ದಿನಕ್ಕೆ 1,200 ಮಿಲಿಲೀಟರ್ ಕುಡಿಯುವ ಮಗುವಿಗೆ ಮೊದಲನೆಯದರಲ್ಲಿ 1,140 ಮಿಲಿಲೀಟರ್ ಹಾಲು ಖರ್ಚಾದರೆ ಎರಡನೆಯದರಲ್ಲಿ 900 ಸಾಕಾಗುತ್ತದೆ. ಕೇಂದ್ರಕ್ಕೆ ಇದು ದೊಡ್ಡ ವ್ಯತ್ಯಾಸವಲ್ಲದಿದ್ದರೂ ದಿನಕ್ಕೆ ಅರ್ಧ ಲೀಟರ್ ಹಾಲನ್ನಷ್ಟೇ ಕೊಳ್ಳುವ ಮನೆಗೆ ದೊಡ್ಡದೇ. ಈ ಲೆಕ್ಕ ಹಸುವಿನ ಗಟ್ಟಿ ಹಾಲಿನದು. ನಂದಿನಿಯ ನೀಲಿ ಪೊಟ್ಟಣದ ಹಾಲಿನಲ್ಲಿ ಕೊಬ್ಬು 3 ಶೇಕಡಾ ಇರುವುದರಿಂದ ಅದಕ್ಕೆ ಮತ್ತೆ ನೀರು ಬೆರೆಸಿದರೆ ಲೆಕ್ಕ ಕೆಡುತ್ತದೆ.

ಒಂದು ಆಹಾರದಿಂದ ಇನ್ನೊಂದಕ್ಕೆ ಒಮ್ಮೆಲೇ ಜಿಗಿಯುವಂತಿಲ್ಲ. ಎರಡು ದಿನ ಪ್ರಮಾಣವನ್ನು ಬದಲಿಸದೆ, ನಾಲ್ಕು ಗಂಟೆಗೊಮ್ಮೆ 130 ಮಿಲಿಲೀಟರಿನಂತೆ ಮಂಡಕ್ಕಿಯ ಬೆಳವಣಿಗೆ ಹಾಲನ್ನು ಕೊಟ್ಟೆವು. ಆ ಅವಧಿಯಲ್ಲಿ ಪ್ರತಿ ಸಲವೂ ಉಸಿರು ಮತ್ತು ನಾಡಿಯನ್ನು ಎಣಿಸಬೇಕು. ನಿಮಿಷಕ್ಕೆ ಉಸಿರು 5, ನಾಡಿ 25 ಹೆಚ್ಚಾಗಿ ಹಾಗೆಯೇ ನಿಂತರೆ ಹೃದಯ ಸೋಲುತ್ತಿದೆಯೆಂದು ಬಗೆದು ಹಾಲನ್ನು ಕಡಿಮೆ ಮಾಡಿ ವೈದ್ಯರನ್ನು ಕರೆಯಬೇಕು. ಇಲ್ಲಿ ಹಾಗೇನೂ ಆಗಲಿಲ್ಲ. ನಂತರ ಪ್ರತಿ ಸಲ 10 ಮಿಲಿಲೀಟರ್ ಏರಿಸುತ್ತ, ಲೋಟದಲ್ಲಿ ಸ್ವಲ್ಪ ಉಳಿಯುವವರೆಗೆ ಹೋದೆವು. 190ಕ್ಕೆ ಮಗು ನಿಂತಿತು. ಅಲ್ಲಿಗೆ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 187 ಕ್ಯಾಲರಿ ಸಿಗುತ್ತಿತ್ತು. ಮುಂದಿನ ಐದು ದಿನಗಳಲ್ಲಿ ತೂಕ 6.10ರಿಂದ 6.38 ಕಿಲೋಗೆ ಏರಿತು. ಇದು ಪ್ರತಿ ಕಿಲೋಗೆ ದಿನಕ್ಕೆ 9 ಗ್ರಾಂಗಿಂತ ತುಸು ಹೆಚ್ಚು. 10 ದಾಟಿದರೆ ಉತ್ತಮ, 5ಕ್ಕಿಂತ ಕಡಿಮೆಯಾದರೆ ಕಾರಣ ಹುಡುಕಬೇಕು.

ಆಮೇಲೆ ಎರಡು ದಿನ ತೂಕ 6.38ರಲ್ಲೇ ನಿಂತಿತು. ಜ್ವರವಿರಲಿಲ್ಲ, ಮೂತ್ರ ಪರೀಕ್ಷೆಯಲ್ಲೂ ಸೋಂಕು ಕಾಣಲಿಲ್ಲ, ಆದರೆ ಪ್ರತಿ ಲೋಟದಲ್ಲಿ 60–70 ಮಿಲಿಲೀಟರ್ ಹಾಲು ಉಳಿಯತೊಡಗಿತ್ತು. ಅಜ್ಜಿ ಮನೆಯಿಂದ ತಂದ ಗಂಜಿಯನ್ನು ನಡುವೆ ಕುಡಿಸುತ್ತಿದ್ದರು. "ಬರೀ ಹಾಲು ಕುಡಿದರೆ ಹೊಟ್ಟೆ ತುಂಬುವುದಿಲ್ಲ ಅಕ್ಕೋರೇ, ಗಂಜಿ ಕುಡಿದರೆ ಮಗು ಮಲಗುತ್ತದೆ" ಎಂದರು. ಮಗು ಮಲಗುತ್ತಿದ್ದುದೂ ನಿಜ. ತೊಂದರೆ ಇರುವುದು ಹೊಟ್ಟೆ ತುಂಬುವುದರಲ್ಲಿಯೇ. 8 ಗ್ರಾಂ ಅಕ್ಕಿಯಿಂದಾಗುವ 100 ಮಿಲಿಲೀಟರ್ ತೆಳು ಗಂಜಿಯಲ್ಲಿ ಇರುವುದು 28 ಕ್ಯಾಲರಿಯಷ್ಟೆ. ಈ ಮಗುವಿಗೆ ದಿನಕ್ಕೆ ಬೇಕಾದ ಕನಿಷ್ಠ 900 ಕ್ಯಾಲರಿಯನ್ನು ಅದರಿಂದಲೇ ಕೊಡಲು ಮೂರು ಲೀಟರಿಗಿಂತ ಹೆಚ್ಚು ಕುಡಿಸಬೇಕಾಗುತ್ತದೆ.

ಗಂಜಿಯನ್ನೇ ಗಟ್ಟಿಯಾಗಿಸಿ ಬಳಸಬಾರದೇಕೆ ಎಂದು ಅದನ್ನೂ ಮಾಡಿ ನೋಡಿದೆ. 15 ಗ್ರಾಂ ಕುಚ್ಚಲಕ್ಕಿಯನ್ನು ಮೆತ್ತಗೆ ಬೇಯಿಸಿ ಅರೆದು, 3 ಗ್ರಾಂ ತೆಂಗಿನೆಣ್ಣೆ, 5 ಗ್ರಾಂ ಬೆಲ್ಲ ಸೇರಿಸಿದರೆ ಸುಮಾರು 98 ಕ್ಯಾಲರಿ ಬರುತ್ತದೆ. ಕ್ಯಾಲರಿಯಲ್ಲಿ ಮಂಡಕ್ಕಿ ಹಾಲಿಗೆ ಸಮನಾದರೂ ಪ್ರೋಟೀನ್ ಒಂದು ಗ್ರಾಂ ಚಿಲ್ಲರೆ ಮಾತ್ರ, ಅಂದರೆ ಬೇಕಾದದ್ದರ ಮೂರನೆಯ ಒಂದು ಭಾಗದ ಆಸುಪಾಸು. ತೆಂಗಿನ ಹಾಲು ಬೆರೆಸಿದರೂ ಕೊಬ್ಬು ಏರುತ್ತದೆಯೇ ಹೊರತು ಪ್ರೋಟೀನ್ ಅಷ್ಟಾಗಿ ಏರುವುದಿಲ್ಲ. ಹಿಂಡುವವರ ಕೈಯಂತೆ ನೀರಿನ ಪ್ರಮಾಣ ಬದಲಾಗುವುದರಿಂದ ಅದನ್ನು ಲೆಕ್ಕಕ್ಕೆ ತರುವುದೂ ಕಷ್ಟ. ಶಿರಸಿ ಕಡೆಯವರು ಬಾಳೆಕಾಯಿ ಹಿಟ್ಟಿನ ಗಂಜಿಯ ಬಗ್ಗೆ ಕೇಳುತ್ತಾರೆ. ಅದರಲ್ಲೂ ಬಹುಪಾಲು ಪಿಷ್ಟವೇ ಇರುವುದರಿಂದ ಅಕ್ಕಿಗೆ ಹೇಳಿದ ಮಾತು ಅದಕ್ಕೂ ಅನ್ವಯಿಸುತ್ತದೆ.

ಗಂಜಿಯನ್ನು ಹಾಲು ಕುಡಿದಾದ ಮೇಲೆ ಕೊಡುವುದೆಂದು ಅಜ್ಜಿಯೊಂದಿಗೆ ಒಪ್ಪಂದವಾಯಿತು, ತೂಕ ಮತ್ತೆ ಏರಿತು. ಬಿಡುಗಡೆಯ ದಿನ ಹತ್ತಿರವಾದಂತೆ ಮನೆಯಲ್ಲಿ ಮಾಡಬಹುದಾದ ರಾಗಿ ಹಾಲನ್ನು ದಿನಕ್ಕೆರಡು ಸಲ ಕೊಡತೊಡಗಿದೆವು. ಮಂಡಕ್ಕಿಯ ಜಾಗದಲ್ಲಿ ಅಷ್ಟೇ, ಅಂದರೆ 7 ಗ್ರಾಂ ರಾಗಿ ಹಿಟ್ಟು ಹಾಕಿದರೆ ಕ್ಯಾಲರಿ, ಪ್ರೋಟೀನ್ ಎರಡೂ ಹೆಚ್ಚುಕಡಿಮೆ ಸಮವಾಗಿಯೇ ಬರುತ್ತವೆ, ಸುಣ್ಣದ ಅಂಶ ಹೆಚ್ಚಾಗಿ ಸಿಗುತ್ತದೆ. ಆದರೆ ಸಾದಾ ರಾಗಿ ಆರುತ್ತಿದ್ದಂತೆ ಅಂಟಿನಂತೆ ಬಿಗಿಯುತ್ತದೆ. ಮಗು ಮುಕ್ಕಾಲು ಲೋಟಕ್ಕೇ ಬಾಯಿ ಮುಚ್ಚುತ್ತಿತ್ತು. ತಾಯಂದಿರು ಆಗ ನೀರು ಸುರಿಯುತ್ತಾರೆ, ಅಲ್ಲಿಗೆ ಅದೂ ತೆಳು ಗಂಜಿಯ ದಾರಿಯನ್ನೇ ಹಿಡಿಯುತ್ತದೆ.

ಮೊಳಕೆ ರಾಗಿ ಈ ತೊಡಕನ್ನು ಬಿಡಿಸುತ್ತದೆ. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಬೆಚ್ಚಗೆ ಮಾಡಿ ಬೀಸಿದ ಹಿಟ್ಟಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಉಳಿದಿರುತ್ತದೆ. ಬೆಂದ ರಾಗಿ ಹಾಲು ಬಿಸಿಯಾಗಿರುವಾಗಲೇ ಒಂದು ಚಿಕ್ಕ ಚಮಚ ಮೊಳಕೆ ಹಿಟ್ಟು ಕಲಸಿದರೆ ಕೆಲವೇ ನಿಮಿಷಗಳಲ್ಲಿ ನೀರು ಸೇರಿಸದೆಯೇ ತೆಳ್ಳಗಾಗುತ್ತದೆ. ಬಳಿಕ ಮತ್ತೊಮ್ಮೆ ಕುದಿ ಬರಿಸಿ, ಆರಿಸಿ ಕೊಡಬೇಕು. ಹಾಗೆ ಮಾಡಿದ ಲೋಟವನ್ನು ಮಗು ಪೂರ್ತಿ ಮುಗಿಸಿತು. ಪರಿಮಳ ಬರುವಂತೆ ಹಿಟ್ಟನ್ನು ಕೆಂಪಗೆ ಹುರಿದರೆ ಕಿಣ್ವ ಸತ್ತು, ತೆಳ್ಳಗಾಗುವ ಗುಣ ಹೋಗುತ್ತದೆ. ಮಳೆಗಾಲದಲ್ಲಿ ಕರಾವಳಿಯಲ್ಲಿ ಮೊಳಕೆ ಒಣಗುವುದಿಲ್ಲ, ಹುಳಿ ವಾಸನೆ ಬಂದ ಹಿಟ್ಟನ್ನು ಎಸೆಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಮನೆಗೂ ಮಂಡಕ್ಕಿಯನ್ನೇ ಹೇಳುತ್ತೇನೆ, ಡಬ್ಬದಲ್ಲಿ ಗರಿಗರಿಯಾಗಿ ಉಳಿದಿರುವವರೆಗೆ ಮಾತ್ರ.

ನಾಲ್ಕೂ ಕ್ರಮಗಳಿಗೆ ಸಾಮಾನ್ಯವಾದ ಒಂದು ದೋಷ ಎಣ್ಣೆಯದು. ಚೆನ್ನಾಗಿ ಕಡೆಯದಿದ್ದರೆ ಎಣ್ಣೆ ತೇಲಿ ಲೋಟದ ಅಂಚಿಗೆ ಅಂಟುತ್ತದೆ, ಅದರೊಂದಿಗೆ ಕ್ಯಾಲರಿಯ ಆರನೆಯ ಒಂದು ಭಾಗಕ್ಕೂ ಹೆಚ್ಚು ಅಲ್ಲಿಯೇ ಉಳಿಯುತ್ತದೆ. ಕುಡಿಸಿದ ಮೇಲೆ ಲೋಟದ ಒಳಬದಿಯನ್ನು ಬೆರಳಿನಿಂದ ಸವರಿ ನೋಡಿದರೆ ತಿಳಿಯುತ್ತದೆ.

ಮನೆಗೆ ಹೋಗುವಾಗ ಮಗು 6.6 ಕಿಲೋ ಇತ್ತು. ದಾಖಲಾದಾಗಿನ ತೂಕಕ್ಕಿಂತ 15 ಶೇಕಡಾ ಹೆಚ್ಚು, ಅಂದರೆ 6.9 ಕಿಲೋ ಮುಟ್ಟುವವರೆಗೆ ಹದಿನೈದು ದಿನಕ್ಕೊಮ್ಮೆ ಬರಲು ಹೇಳಿದೆವು. ದಿನಕ್ಕೆ ಮೂರು ಲೋಟ ಮೊಳಕೆ ರಾಗಿ ಹಾಲು, ಅದರ ಮೇಲೆ ಮೊಟ್ಟೆ, ಬಾಳೆಹಣ್ಣು, ನುಣ್ಣಗೆ ಪುಡಿ ಮಾಡಿದ ಶೇಂಗಾ ಮತ್ತು ಬೆಲ್ಲ, ಮುಳ್ಳು ತೆಗೆದ ತಾಜಾ ಬಂಗುಡೆ ಎಂದು ಬರೆದುಕೊಟ್ಟೆ. ಇಡೀ ಶೇಂಗಾ ಬೀಜ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಮುಗ್ಗಿದ ಬೀಜದಲ್ಲಿ ವಿಷವಿರಬಹುದು, ಆದ್ದರಿಂದ ಆರಿಸಿಯೇ ಪುಡಿ ಮಾಡಬೇಕು. ಬಲೆ ಇಳಿಯದ ಮಳೆಗಾಲದ ತಿಂಗಳುಗಳಲ್ಲಿ ಮೀನಿಗೆ ಬದಲಾಗಿ ಒಣಮೀನು ಆಗಬಹುದೇ ಎಂದು ತಾಯಿ ಕೇಳಿದರು. ಉಪ್ಪು ಹಾಕಿ ಒಣಗಿಸಿದ್ದನ್ನು ಈ ಮಗುವಿಗೆ ಬೇಡವೆಂದು ಹೇಳಿ, ಆ ದಿನಗಳಿಗೆ ಇನ್ನೊಂದು ಮೊಟ್ಟೆಯನ್ನು ಚೀಟಿಯಲ್ಲಿ ಸೇರಿಸಿದೆ.