10 ಗಂಟೆ ಅಂದರೆ ಯಾವ 10 ಗಂಟೆ? ಆನ್‌ಲೈನ್ ಪರೀಕ್ಷೆಯ ಬುಕಿಂಗ್ ಸಂದೇಶ, ಮೂರು ಬಗೆ

ಪ್ರಾಕ್ಟರ್, ಅಂದರೆ ಕ್ಯಾಮೆರಾ ಮೂಲಕ ದೂರದಿಂದ ನೋಡುವ ಮೇಲ್ವಿಚಾರಕರ, ಕಣ್ಗಾವಲಿನಲ್ಲಿ ಮನೆಯಿಂದಲೇ ಬರೆಯುವ ಪರೀಕ್ಷೆಗೆ ಬುಕಿಂಗ್ ಆದ ಕೂಡಲೇ ಅಭ್ಯರ್ಥಿಗೆ ಹೋಗುವ ಸಂದೇಶವನ್ನು ಮೂರು ರೀತಿಯಲ್ಲಿ ಬರೆದು ಕಳಿಸಬಹುದು. ಎಲ್ಲ ನಿಯಮಗಳನ್ನೂ ತುಂಬಿದ ಒಂದೇ ಉದ್ದನೆಯ ಮೇಲ್ ಮೊದಲನೆಯದು. ದಿನಾಂಕ, ಸಮಯ, ಒಂದು ಲಿಂಕ್ ಇಷ್ಟೇ ಇರುವ ಚುಟುಕು ಸಂದೇಶ ಎರಡನೆಯದು. ಮೂರನೆಯದರಲ್ಲಿ ಅಭ್ಯರ್ಥಿ ಯಾವ ಹೊತ್ತಿಗೆ ಏನು ಮಾಡಬೇಕು ಎಂಬುದು ಗಡಿಯಾರದ ಸಾಲಿನಲ್ಲಿ ಇರುತ್ತದೆ, ಹಿಂದಿನ ದಿನ ಅದರದೇ ಸಣ್ಣ ಜ್ಞಾಪನೆ ಹೋಗುತ್ತದೆ. ಮೂರನ್ನೂ ಬಳಸಿದ ಮೇಲೆ ನನ್ನ ಆಯ್ಕೆ ಮೂರನೆಯದೇ. ಅದಕ್ಕೆ ಮುಖ್ಯ ಕಾರಣ ತಡವಾಗಿ ಬರುವವರ ನಿಯಮ.

ಒಂದು ಉದಾಹರಣೆ ಹಿಡಿದು ನೋಡೋಣ. ಪರೀಕ್ಷೆ 2026ರ ಮಾರ್ಚ್ 17, ಮಂಗಳವಾರ, ಬೆಳಿಗ್ಗೆ 10ಕ್ಕೆ. ಚೆಕ್-ಇನ್ 30 ನಿಮಿಷ ಮೊದಲು ತೆರೆಯುತ್ತದೆ, ಹೊತ್ತು ಮೀರಿದ ಮೇಲೆ 15 ನಿಮಿಷದ ರಿಯಾಯಿತಿ ಇದೆ, ದಿನಾಂಕ ಬದಲಿಸಲು 24 ಗಂಟೆ ಮೊದಲಿನವರೆಗೆ ಅವಕಾಶ. ಉದ್ದನೆಯ ಮೇಲ್ ಇದನ್ನು ಸಾಮಾನ್ಯವಾಗಿ ಹೀಗೆ ಹೇಳುತ್ತದೆ:

> ನಿಮ್ಮ ಪರೀಕ್ಷೆಯ ಸಮಯ ಬೆಳಿಗ್ಗೆ 10:00. ಅಭ್ಯರ್ಥಿಗಳು 30 ನಿಮಿಷ ಮುಂಚಿತವಾಗಿ ಲಾಗಿನ್ ಆಗತಕ್ಕದ್ದು. 15 ನಿಮಿಷಕ್ಕಿಂತ ಹೆಚ್ಚು ವಿಳಂಬವಾದಲ್ಲಿ ಪ್ರವೇಶವಿರುವುದಿಲ್ಲ.

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೂ ಇದನ್ನು ಓದಿದವರಲ್ಲಿ ಕೆಲವರು 10:12ಕ್ಕೆ ಬಂದು ‘ಇನ್ನೂ ಮೂರು ನಿಮಿಷ ಇದೆಯಲ್ಲ’ ಅನ್ನುತ್ತಾರೆ. ವಿಳಂಬ ಅನ್ನುವುದನ್ನು ಯಾವುದರಿಂದ ಅಳೆಯಬೇಕು ಎಂದು ಸಂದೇಶ ಹೇಳಿಲ್ಲ. ಪುಟ ತೆರೆದ ಹೊತ್ತೇ? ಚೆಕ್-ಇನ್ ಗುಂಡಿ ಒತ್ತಿದ ಹೊತ್ತೇ? ಐಡಿ ಒಪ್ಪಿಗೆಯಾದ ಹೊತ್ತೇ? ಮೊದಲ ಪ್ರಶ್ನೆ ಕಾಣಿಸಿದ ಹೊತ್ತೇ? ಪರೀಕ್ಷಾ ಕೊಠಡಿಯಲ್ಲಾದರೆ ಇವೆಲ್ಲ ಒಂದೇ: ಬಾಗಿಲು ದಾಟಿದರೆ ಒಳಗಿದ್ದ ಹಾಗೆ. ಮನೆಯಿಂದ ಬರೆಯುವಾಗ ಬಾಗಿಲಿಗೂ ಪ್ರಶ್ನೆಗೂ ನಡುವೆ ಆ್ಯಪ್ ತೆರೆಯುವುದು, ಮುಖದ ಫೋಟೊ, ಐಡಿಯ ಎರಡೂ ಬದಿಯ ಫೋಟೊ, ಕೋಣೆಯ ನಾಲ್ಕು ದಿಕ್ಕಿನ ಫೋಟೊ, ಆಮೇಲೆ ಪ್ರಾಕ್ಟರ್‌ಗಾಗಿ ಕಾಯುವ ಸರದಿ, ಇಷ್ಟು ಇರುತ್ತವೆ. ಎಲ್ಲ ಸಲೀಸಾಗಿ ನಡೆದರೂ ಹತ್ತು ಹನ್ನೆರಡು ನಿಮಿಷ ಹೋಗುತ್ತದೆ. 10:12ಕ್ಕೆ ಬಂದವರ ಐಡಿ ಫೋಟೊ ಮಬ್ಬಾಗಿ ಬಂದು ಮತ್ತೆ ತೆಗೆಯಬೇಕಾದರೆ, ನಿಯಮದ ಒಂದು ಓದಿನಲ್ಲಿ ಅವರು ಒಳಗಿದ್ದಾರೆ, ಇನ್ನೊಂದು ಓದಿನಲ್ಲಿ ಗೈರುಹಾಜರು. ಗೈರುಹಾಜರಿಗೆ ಶುಲ್ಕ ವಾಪಸಿಲ್ಲದಿದ್ದರೆ ಜಗಳ ಶುರು.

ಈ ಗೊಂದಲಕ್ಕೆ ಇನ್ನೊಂದು ವಾಕ್ಯ ಸೇರಿಸುವುದು ಮದ್ದಲ್ಲ. ಕಳೆಯುವ ಕೂಡುವ ಲೆಕ್ಕವನ್ನು ಅಭ್ಯರ್ಥಿಯ ತಲೆಗೆ ಬಿಡದೆ ನಾವೇ ಮಾಡಿ ಕೊಡಬೇಕು, ಪ್ರತಿ ಹೊತ್ತಿಗೂ ಕೈಯಲ್ಲಿ ಮಾಡುವ ಒಂದು ಕ್ರಿಯೆಯನ್ನು ಗಂಟುಹಾಕಬೇಕು. ಗಡಿಯಾರದ ಬಗೆ ಹೀಗಿರುತ್ತದೆ:

> ವಿಷಯ: ಮಾರ್ಚ್ 17, ಮಂಗಳವಾರ, ಬೆಳಿಗ್ಗೆ 9:30ಕ್ಕೆ ಚೆಕ್-ಇನ್
>
> 9:30 – ಚೆಕ್-ಇನ್ ತೆರೆಯುತ್ತದೆ. ಈ ಹೊತ್ತಿಗೇ ಬನ್ನಿ.
> 10:00 – ಪರೀಕ್ಷೆ ಶುರುವಾಗುವ ಹೊತ್ತು. ಇಷ್ಟರಲ್ಲಿ ಫೋಟೊಗಳು ಮುಗಿದಿರಲಿ.
> 10:15 – ‘ಚೆಕ್-ಇನ್ ಆರಂಭಿಸಿ’ ಗುಂಡಿ ಒತ್ತಲು ಕೊನೆಯ ಹೊತ್ತು. ಪುಟ ತೆರೆದಿಟ್ಟರೆ ಸಾಲದು. 10:16ಕ್ಕೆ ಗುಂಡಿ ಇರುವುದಿಲ್ಲ. ಗೈರುಹಾಜರಿ ಎಂದು ದಾಖಲಾಗುತ್ತದೆ, ಶುಲ್ಕ ವಾಪಸಾಗುವುದಿಲ್ಲ.
> ಗುಂಡಿಯನ್ನು ಹೊತ್ತಿಗೆ ಒತ್ತಿ ಪ್ರಾಕ್ಟರ್‌ಗಾಗಿ ಕಾದಿದ್ದರೆ ಆ ಕಾಯುವಿಕೆ ನಿಮ್ಮ ಲೆಕ್ಕಕ್ಕಿಲ್ಲ. ಕಿಟಕಿ ಮುಚ್ಚಬೇಡಿ.

ವಿಷಯದ ಸಾಲಿನಲ್ಲಿ 10:00 ಇಲ್ಲವೇ ಇಲ್ಲ, ಗಮನಿಸಿ. ಅಲ್ಲಿ 10 ಎಂದು ಹಾಕಿದರೆ ಜನ ಫೋನಿನ ಅಲಾರಂಗೆ ಇಡುವುದು ಅದನ್ನೇ. ಕೊನೆಯ ಸಾಲೂ ಅಷ್ಟೇ ಮುಖ್ಯ: ಸರದಿಯಲ್ಲಿ ಕಾಯುತ್ತಿರುವವರು ಹೊತ್ತು ಮೀರುತ್ತಿದೆ ಎಂದು ಗಾಬರಿಯಾಗಿ ಆ್ಯಪ್ ಮುಚ್ಚಿ ಮತ್ತೆ ತೆರೆದು ಸರದಿಯ ಬಾಲಕ್ಕೆ ಹೋಗಿ ನಿಲ್ಲುತ್ತಾರೆ. ನಿಮ್ಮ ಸಂಸ್ಥೆ ಅಳೆಯುವುದು ಬೇರೆ ಹೊತ್ತನ್ನಾದರೆ, ಉದಾಹರಣೆಗೆ ಐಡಿ ಒಪ್ಪಿಗೆಯಾದ ಹೊತ್ತನ್ನು, ಅದನ್ನೇ ಬರೆಯಿರಿ. ಆದರೆ ಒಂದನ್ನೇ ಬರೆಯಿರಿ. ತಡವಾಗಿ ಬಂದವರಿಗೆ ಪೂರ್ತಿ ಅವಧಿ ಸಿಗುತ್ತದೆಯೋ ಮುಗಿಯುವ ಹೊತ್ತು ಅಲುಗಾಡುವುದಿಲ್ಲವೋ ಎಂಬುದಕ್ಕೂ ಒಂದು ಸಾಲು ಬೇಕು.

ಚುಟುಕು ಸಂದೇಶಕ್ಕೆ ಈ ಜಗಳ ಇನ್ನೂ ಕೆಟ್ಟದಾಗಿ ತಗಲುತ್ತದೆ. ಅದರಲ್ಲಿ ಇರುವುದು 10:00 ಮತ್ತು ಲಿಂಕ್. ಲಿಂಕ್ ಒತ್ತದವರಿಗೆ 9:30 ಅನ್ನುವುದೊಂದು ಇದೆ ಎಂದೇ ಗೊತ್ತಾಗುವುದಿಲ್ಲ.

ಇನ್ನು ಸಿಸ್ಟಂ ಚೆಕ್, ಅಂದರೆ ಕಂಪ್ಯೂಟರ್, ಕ್ಯಾಮೆರಾ, ಇಂಟರ್‌ನೆಟ್ ಪರೀಕ್ಷೆಗೆ ಒಗ್ಗುತ್ತವೆಯೇ ಎಂದು ಮೊದಲೇ ನೋಡಿಕೊಳ್ಳುವುದು. ‘ಪರೀಕ್ಷೆಗೆ ಮುನ್ನ ಸಿಸ್ಟಂ ಚೆಕ್ ಮಾಡಿಕೊಳ್ಳಿ’ ಎಂದರೆ ಅಂದೇ ಬೆಳಿಗ್ಗೆ 9:20ಕ್ಕೆ ಮಾಡಿದರೂ ಮಾಡಿದ ಹಾಗೇ. ಆಗ ಕ್ಯಾಮೆರಾಕ್ಕೆ ಅನುಮತಿ ಕೊಡದಿರುವಂಥ ಸಣ್ಣ ತೊಡಕಾದರೆ ಎರಡು ನಿಮಿಷದಲ್ಲಿ ಸರಿಹೋದೀತು. ಕಚೇರಿಯ ಲ್ಯಾಪ್‌ಟಾಪ್‌ನಲ್ಲಿ ಆ್ಯಪ್ ಹಾಕಲು ಅಡ್ಮಿನ್ ಪಾಸ್‌ವರ್ಡ್ ಕೇಳಿದರೆ, ಅಥವಾ ಕಚೇರಿಯ ವಿಪಿಎನ್ ಪ್ರಾಕ್ಟರ್ ಕಡೆಗೆ ಹೋಗುವ ವಿಡಿಯೊವನ್ನು ತಡೆದರೆ ಅಂದಿಗೆ ದಾರಿಯೇ ಇಲ್ಲ.

ಹಾಗಾಗಿ ಸಿಸ್ಟಂ ಚೆಕ್‌ಗೆ ತಾರೀಖು ಕೊಡಬೇಕು, ಆ ತಾರೀಖು ದಿನಾಂಕ ಬದಲಿಸುವ ಗಡುವಿಗಿಂತ ಮೊದಲೇ ಬರಬೇಕು. ನಮ್ಮ ಉದಾಹರಣೆಯಲ್ಲಿ ಗಡುವು ಸೋಮವಾರ 16ರ ಬೆಳಿಗ್ಗೆ 10. ಅದಕ್ಕೆ ಹಿಂದೆ ಶನಿವಾರ, ಭಾನುವಾರ. ಕಚೇರಿಯ ಐಟಿಯವರು ಸಿಗುವುದು ಕಷ್ಟ. ಆದ್ದರಿಂದ ಸಂದೇಶದಲ್ಲಿ ಬರುವುದು ಶುಕ್ರವಾರ 13:

> ಮಾರ್ಚ್ 13, ಶುಕ್ರವಾರದೊಳಗೆ ಸಿಸ್ಟಂ ಚೆಕ್ ಮುಗಿಸಿ. ಪರೀಕ್ಷೆ ಬರೆಯುವ ಅದೇ ಕಂಪ್ಯೂಟರ್, ಅದೇ ಇಂಟರ್‌ನೆಟ್, ಅದೇ ಕೋಣೆ. ಪಾಸ್ ಆಗದಿದ್ದರೆ ಸೋಮವಾರ 16ರ ಬೆಳಿಗ್ಗೆ 10ರ ತನಕ ದಿನಾಂಕ ಬದಲಿಸಬಹುದು.

‘ಅದೇ’ ಎಂಬುದು ಮೂರು ಸಲ ಬಂದದ್ದು ಅಲಂಕಾರಕ್ಕಲ್ಲ. ಮನೆಯ ವೈಫೈನಲ್ಲಿ ಪಾಸ್ ಆದ ಯಂತ್ರ ಕಚೇರಿಯ ಫೈರ್‌ವಾಲ್ ಹಿಂದೆ ಸೋಲಬಹುದು. ಅದೇ ವೈಫೈ ಎರಡು ಗೋಡೆಯಾಚೆಯ ಕೋಣೆಯಲ್ಲಿ ಸೊರಗಬಹುದು. ಪರೀಕ್ಷೆಯ ದಿನ ಇನ್ನೊಮ್ಮೆ ಓಡಿಸಿ ನೋಡಲಿ, ಆದರೆ ಅದು ನಡುವೆ ಅಪ್‌ಡೇಟ್ ಏನಾದರೂ ನುಸುಳಿದೆಯೇ ಎಂದು ತಿಳಿಯಲಿಕ್ಕೆ ಮಾತ್ರ.

ಗುರುತಿನ ಪುರಾವೆಯಲ್ಲಿ ಉದ್ದನೆಯ ಮೇಲ್ ಎಂಟು ಹತ್ತು ಬಗೆಯ ಕಾರ್ಡ್‌ಗಳ ಪಟ್ಟಿ ಕೊಡುತ್ತದೆ. ಜನ ಸೋಲುವುದು ಕಾರ್ಡ್ ಇಲ್ಲದೆ ಅಲ್ಲ, ಹೆಸರು ಹೊಂದದೆ. ಬುಕಿಂಗ್‌ನಲ್ಲಿ ಇನಿಷಿಯಲ್, ಕಾರ್ಡ್‌ನಲ್ಲಿ ಅದರ ವಿಸ್ತಾರ. ಒಂದರಲ್ಲಿ ಮದುವೆಗೆ ಮೊದಲಿನ ಹೆಸರು, ಇನ್ನೊಂದರಲ್ಲಿ ನಂತರದ್ದು. ಗಡಿಯಾರದ ಸಂದೇಶದಲ್ಲಿ ಪಟ್ಟಿಯ ಬದಲು ಬುಕ್ ಆಗಿರುವ ಹೆಸರನ್ನೇ ಅಕ್ಷರಶಃ ಹಾಕಿ, ‘ಕಾರ್ಡ್ ಈಗಲೇ ಕೈಗೆತ್ತಿಕೊಂಡು ಹೋಲಿಸಿ, ಪರೀಕ್ಷೆಯ ದಿನದ ಹೊತ್ತಿಗೆ ಅದರ ಅವಧಿ ಮುಗಿದಿರುತ್ತದೆಯೇ ನೋಡಿ, ವ್ಯತ್ಯಾಸವಿದ್ದರೆ ಶುಕ್ರವಾರದೊಳಗೆ ತಿಳಿಸಿ’ ಎನ್ನುತ್ತೇವೆ. ಫೋನಿನಲ್ಲಿರುವ ಐಡಿ ನಡೆಯುವುದಿಲ್ಲವಾದರೆ ಕಾರಣವನ್ನೂ ಹೇಳಿ: ಚೆಕ್-ಇನ್ ಮುಗಿದ ಮೇಲೆ ಫೋನ್ ಕೈಗೆಟುಕದಂತೆ ಇಡಬೇಕು, ನಡುವೆ ಪ್ರಾಕ್ಟರ್ ಮತ್ತೆ ಐಡಿ ಕೇಳಿದರೆ ತೋರಿಸಲು ಅಸಲಿ ಕಾರ್ಡೇ ಬೇಕು. ಕಾರಣ ತಿಳಿದವರು ವಾದಕ್ಕೆ ಬರುವುದು ಕಡಿಮೆ. ಲ್ಯಾಮಿನೇಟ್ ಆದ ಕಾರ್ಡ್ ದೀಪದ ಕೆಳಗೆ ಹೊಳೆದು ಅಕ್ಷರ ಅಳಿಸಿದಂತೆ ಕಾಣುತ್ತದೆ. ತುಸು ಓರೆಯಾಗಿ ಹಿಡಿಯಿರಿ ಎಂಬ ಒಂದು ಮಾತು ಹಿಂದಿನ ದಿನದ ಜ್ಞಾಪನೆಗೆ ಸೇರಲಿ.

ಮೇಜಿನ ಮೇಲೆ ಏನಿರಬಾರದು, ನೀರು ಬಿಡುತ್ತಾರೋ ಇಲ್ಲವೋ, ಇಂಥವಕ್ಕೆಲ್ಲ ಲಿಂಕ್ ಸಾಕು.

ಗಡಿಯಾರದ ಸಂದೇಶಕ್ಕೂ ಒಂದು ದೋಷವಿದೆ: ಅದು ಹೇಳುವ ಗಡಿಯಾರ ಯಾವ ಊರಿನದು? ಅಭ್ಯರ್ಥಿಗಳು ಬೇರೆ ಬೇರೆ ಸಮಯವಲಯದಲ್ಲಿದ್ದರೆ ಪ್ರತಿ ಹೊತ್ತನ್ನೂ ಅವರವರ ವಲಯಕ್ಕೆ ಬದಲಿಸಿ ಹಾಕಬೇಕು, ವಲಯದ ಹೆಸರನ್ನೂ ಬರೆಯಬೇಕು. ಕ್ಯಾಲೆಂಡರ್ ಫೈಲ್ ಜೊತೆಗಿಟ್ಟರೆ ಅರ್ಧ ಕೆಲಸ ಹಗುರ, ಆದರೆ ಅದರಲ್ಲೂ ಒಂದು ಅಕ್ಷರ ಕೈಕೊಡುತ್ತದೆ:

```
DTSTART:20260317T093000
DTSTART:20260317T093000Z
```

ಮೊದಲನೆಯದಕ್ಕೆ ವಲಯವೇ ಇಲ್ಲ. ಫೋನ್ ಎಲ್ಲಿದ್ದರೂ ಅಲ್ಲಿನ 9:30 ಎಂದೇ ತೋರಿಸುತ್ತದೆ. ಎರಡನೆಯದರ Z ಅಂದರೆ UTC ಎಂಬ ಜಾಗತಿಕ ಪ್ರಮಾಣ ಸಮಯ, ಫೋನ್ ತನ್ನ ವಲಯಕ್ಕೆ ತಾನೇ ಬದಲಿಸಿಕೊಳ್ಳುತ್ತದೆ. ಸ್ಥಳೀಯ ಹೊತ್ತಿಗೆ ಸುಮ್ಮನೆ Z ಅಂಟಿಸಿದರೆ ಮಾತ್ರ ಗಂಟೆಗಟ್ಟಲೆ ಆಚೀಚೆಯಾಗುತ್ತದೆ; ಮೊದಲು UTCಗೆ ಬದಲಿಸಿ ಆಮೇಲೆ Z. ಕಾರ್ಯಕ್ರಮ ಶುರುವಾಗುವ ಹೊತ್ತು ಚೆಕ್-ಇನ್‌ನದೇ ಆಗಿರಲಿ, ಪರೀಕ್ಷೆಯದಲ್ಲ.

ಖರ್ಚಿನ ಮಾತು. ಮೇಲ್ ಹೆಚ್ಚುಕಡಿಮೆ ಪುಕ್ಕಟೆ, ಎಸ್‌ಎಂಎಸ್ ಅಲ್ಲ. ಕನ್ನಡದ ಎಸ್‌ಎಂಎಸ್ ಯುನಿಕೋಡ್‌ನಲ್ಲಿ ಹೋಗುವುದರಿಂದ ಒಂದು ಸಂದೇಶಕ್ಕೆ 70 ಸ್ಥಾನ ಮಾತ್ರ. ಮೀರಿದರೆ ತುಂಡಾಗಿ, ತುಂಡೊಂದಕ್ಕೆ 67. ಒತ್ತು, ಗುಣಿತ, ಅರ್ಧಾಕ್ಷರದ ಚಿಹ್ನೆ ಎಲ್ಲವೂ ಬೇರೆ ಬೇರೆ ಲೆಕ್ಕ, ಹಾಗಾಗಿ ‘ಪರೀಕ್ಷೆ’ ಒಂದಕ್ಕೇ 7 ಸ್ಥಾನ. ಇದು 58ರಲ್ಲಿ ಮುಗಿಯುತ್ತದೆ:

> ನಾಳೆ 9:30ಕ್ಕೆ ಚೆಕ್-ಇನ್. 10:15 ಕೊನೆ. ಅಸಲಿ ಗುರುತು ಚೀಟಿ ಇರಲಿ.

ಚುಟುಕು ಬಗೆಯನ್ನು ನಾನು ಪೂರ್ತಿ ಬಿಟ್ಟಿಲ್ಲ, ಹಿಂದಿನ ಸಂಜೆಗೆ ಇಷ್ಟರ ಮಟ್ಟಿಗೆ ಉಳಿಸಿಕೊಂಡಿದ್ದೇನೆ. ಬುಕಿಂಗ್ ಆದಾಗ ಗಡಿಯಾರದ ಮೇಲ್, ಕ್ಯಾಲೆಂಡರ್ ಫೈಲ್ ಸಮೇತ. ಹಿಂದಿನ ದಿನ ಒಂದು ಎಸ್‌ಎಂಎಸ್. ಹೆಸರು, ತಾರೀಖು, ಮೂರು ಹೊತ್ತು, ಎರಡು ಗಡುವು ಇಷ್ಟನ್ನು ಸ್ಪ್ರೆಡ್‌ಶೀಟಿನಿಂದ ತುಂಬುವ ಮೇಲ್ ಮರ್ಜ್ ಸಾಕು, ದುಬಾರಿ ತಂತ್ರಾಂಶ ಬೇಡ. ಹೊತ್ತುಗಳನ್ನು ಕೈಯಿಂದ ಟೈಪ್ ಮಾಡದೆ ಪರೀಕ್ಷೆಯ ಹೊತ್ತಿನ ಕಾಲಂನಿಂದ ಸೂತ್ರ ಹಾಕಿ ತೆಗೆಯಿರಿ. ಸ್ಲಾಟ್ ಬದಲಾದಾಗ 10:00 ತಿದ್ದಿ 10:15 ತಿದ್ದುವುದನ್ನು ಮರೆತ ಸಂದೇಶ ಹೋದರೆ, ಜಗಳದಲ್ಲಿ ಅಭ್ಯರ್ಥಿ ಅದನ್ನೇ ಹಿಡಿದು ವಾದಿಸಬಹುದು. ಉದ್ದನೆಯ ಮೇಲ್ ಬೇಕೇಬೇಕು ಅನ್ನುವ ಕಾನೂನು ವಿಭಾಗದವರಿಗೆ ಅದನ್ನು ಗಡಿಯಾರದ ಕೆಳಗೆ ಲಗತ್ತಾಗಿ ಹಾಕಿ ಕೊಡುತ್ತೇನೆ, ಮೇಲೆ ಮಾತ್ರ ಬಿಡುವುದಿಲ್ಲ.