ಟಿಇಟಿ ಕೋಚಿಂಗ್‌ಗೆ ಸೇರುವವರು ಶೀರ್ಷಿಕೆ ನಂಬಿ ದುಡ್ಡು ಕಟ್ಟಬೇಡಿ

"ಟಿಇಟಿ ಸಂಪೂರ್ಣ ಕೋರ್ಸ್, ಲೈವ್ ಕ್ಲಾಸ್, ಹೊಸ ಬ್ಯಾಚ್ ಈ ಸೋಮವಾರದಿಂದ." ಹುಡುಕಿದಾಗ ಮೊದಲು ಕಂಡ ಸಾಲು ಇದು. ಇದನ್ನು ನೋಡಿಯೇ ನನ್ನ ತಂಗಿ ಪೂರ್ತಿ ಫೀಸು ಕಟ್ಟಿದಳು. ಪರೀಕ್ಷೆ, ಬ್ಯಾಚ್, ಪಾಠದ ವಿಧಾನ, ಮೂರೂ ಆ ಸಾಲಿನಲ್ಲಿವೆ. ಒಂದೂ ಹೇಳಿದಂತೆ ಇರಲಿಲ್ಲ.

ಮೊದಲು ಪರೀಕ್ಷೆಯ ಮಾತು. ಬರೀ "ಟಿಇಟಿ" ಎಂದರೆ ಸಿಬಿಎಸ್‌ಇ ನಡೆಸುವ ಸಿಟಿಇಟಿಯೋ ನಮ್ಮ ರಾಜ್ಯದ ಟಿಇಟಿಯೋ ಗೊತ್ತಾಗುವುದಿಲ್ಲ. ರಾಜ್ಯದ್ದೇ ಎಂದುಕೊಂಡರೂ ಪತ್ರಿಕೆ 1 ಇರುವುದು 1ರಿಂದ 5ನೇ ತರಗತಿಗೆ ಕಲಿಸುವವರಿಗೆ, ಪತ್ರಿಕೆ 2 ಇರುವುದು 6ರಿಂದ 8ಕ್ಕೆ. ಪತ್ರಿಕೆ 2ರಲ್ಲಿ ಮತ್ತೆ ಎರಡು ದಾರಿ: ಗಣಿತ ಮತ್ತು ವಿಜ್ಞಾನ, ಇಲ್ಲವೇ ಸಮಾಜ ವಿಜ್ಞಾನ. ತಂಗಿ ಬಿಎಸ್‌ಸಿ, ಬಿಎಡ್ ಮಾಡಿದವಳು, ಅವಳಿಗೆ ಬೇಕಿದ್ದದ್ದು ಗಣಿತ–ವಿಜ್ಞಾನ. ಕೋರ್ಸ್ ತೆರೆದರೆ ಇದ್ದದ್ದು ಸಮಾಜ ವಿಜ್ಞಾನ ಮಾತ್ರ. ಒಟ್ಟು 150 ಅಂಕಗಳಲ್ಲಿ ಈ ಐಚ್ಛಿಕ ಭಾಗಕ್ಕೇ 60. ಅದನ್ನು ಬಿಟ್ಟರೆ ಉಳಿಯುವುದು 90. ಸಾಮಾನ್ಯ ವರ್ಗದವರು ಪಾಸಾಗಲು ಬೇಕಾದ ಶೇ 60 ಅಂದರೆ ಅದೇ 90. ಅಂದರೆ ಆ "ಸಂಪೂರ್ಣ" ಕೋರ್ಸನ್ನಷ್ಟೇ ನೆಚ್ಚಿಕೊಂಡವರು ಉಳಿದದ್ದರಲ್ಲಿ ಒಂದು ಪ್ರಶ್ನೆಯನ್ನೂ ತಪ್ಪು ಮಾಡುವಂತಿಲ್ಲ!

ಲೈವ್ ಕ್ಲಾಸಿನ ಕಥೆ ಇನ್ನೂ ಚೆಂದ. ನಿಗದಿತ ಸಮಯಕ್ಕೆ ವಿಡಿಯೊ ಶುರುವಾಗುತ್ತಿತ್ತು, ಮೂಲೆಯಲ್ಲಿ ಕೆಂಪು ಚುಕ್ಕೆಯೂ ಇತ್ತು. ತಂಗಿ ಕೇಳಿದ ಯಾವ ಪ್ರಶ್ನೆಗೂ ಮೇಷ್ಟ್ರು ಉತ್ತರಿಸಲಿಲ್ಲ. ಒಂದು ದಿನ ಅವರೇ "ಅರ್ಜಿ ಹಾಕಲು ಇನ್ನು ಕೆಲವೇ ದಿನ ಉಳಿದಿದೆ" ಎಂದರು, ಅದು ಯಾವತ್ತೋ ಮುಗಿದುಹೋದ ಪರೀಕ್ಷೆಯ ಅರ್ಜಿ. ಹಿಂದಿನ ಬ್ಯಾಚಿಗೆ ಮಾಡಿದ ಪಾಠವನ್ನೇ ಹೊತ್ತಿಗೆ ಸರಿಯಾಗಿ ಓಡಿಸುತ್ತಿದ್ದರು. ರೆಕಾರ್ಡೆಡ್ ಪಾಠ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಕೆಲಸಕ್ಕೆ ಹೋಗುವವರಿಗೆ ಅದೇ ಅನುಕೂಲ. ಆದರೆ ಅದನ್ನು ಲೈವ್ ಎಂದು ಮಾರಬಾರದು.

ನನ್ನ ಕೆಲಸ ವೆಬ್‌ಸೈಟ್ ಮಾಡುವುದು. ಪುಟದ ಮೂಲ ಕೋಡ್ ತೆರೆದು ನೋಡಿದೆ. "ಈ ಸೋಮವಾರ" ಎಂಬುದರ ಹಿಂದೆ ಯಾವ ಬ್ಯಾಚೂ ಇರಲಿಲ್ಲ. ನೀವು ಯಾವತ್ತು ಪುಟ ತೆರೆದರೂ ಮುಂದಿನ ಸೋಮವಾರದ ತಾರೀಕು ಲೆಕ್ಕ ಹಾಕಿ ತೋರಿಸುವ ಸಣ್ಣ ಸ್ಕ್ರಿಪ್ಟ್ ಇತ್ತು. ಇದನ್ನು ಪತ್ತೆ ಮಾಡಲು ಕೋಡ್ ಗೊತ್ತಿರಬೇಕಾಗಿಲ್ಲ. ಒಂದು ವಾರ ಬಿಟ್ಟು ಅದೇ ಪುಟ ನೋಡಿ, ತಾರೀಕು ತಾನೇ ಮುಂದೆ ಹೋಗಿದ್ದರೆ ಅಲ್ಲಿ ಬ್ಯಾಚ್ ಇಲ್ಲವೆಂದೇ ತಿಳಿಯಿರಿ.

ಅವರ ಬಳಿ ಇದ್ದ ಸರಕಿಗೆ ಪ್ರಾಮಾಣಿಕವಾದ ಶೀರ್ಷಿಕೆ ಬರೆಯುವುದು ಕಷ್ಟವೇನೂ ಆಗಿರಲಿಲ್ಲ:

```html
<title>ಕರ್ನಾಟಕ ಟಿಇಟಿ ಪತ್ರಿಕೆ 2, ಸಮಾಜ ವಿಜ್ಞಾನ: ರೆಕಾರ್ಡೆಡ್ ಕೋರ್ಸ್</title>
<meta name="description" content="6–8ನೇ ತರಗತಿ ಶಿಕ್ಷಕರಿಗೆ. ಗಣಿತ–ವಿಜ್ಞಾನ ಇಲ್ಲ. ಲೈವ್ ಪಾಠ ಇಲ್ಲ. ಹಿಂದಿನ ಬ್ಯಾಚಿನ ವಿಡಿಯೊಗಳು.">
```

ಇಷ್ಟಿದ್ದಿದ್ದರೆ ತಂಗಿ ಆ ಕೊಂಡಿಯನ್ನು ಒತ್ತುತ್ತಲೇ ಇರಲಿಲ್ಲ. ಅವರಿಗೆ ಬೇಡವಾಗಿದ್ದೂ ಅದೇ ಇರಬೇಕು.

ದುಡ್ಡು ವಾಪಸ್ ಕೇಳಿದಾಗ "ಕೋರ್ಸ್ ವಿವರ ಬದಲಾಗಬಹುದು" ಎಂಬ ಷರತ್ತು ತೋರಿಸಿದರು. ನಮ್ಮ ಕೈ ಹಿಡಿದದ್ದು ಸ್ಕ್ರೀನ್‌ಶಾಟ್. ಇದರಲ್ಲೊಂದು ಸೂಕ್ಷ್ಮವಿದೆ: ಹುಡುಕಾಟದ ಫಲಿತಾಂಶದಲ್ಲಿ ಕಾಣುವ ಶೀರ್ಷಿಕೆ, ವಿವರಣೆಗಳನ್ನು ಗೂಗಲ್ ಕೆಲವೊಮ್ಮೆ ತಾನೇ ಬದಲಿಸಿ ತೋರಿಸುತ್ತದೆ. ಅದರ ಚಿತ್ರ ಮಾತ್ರ ಇದ್ದರೆ "ಅದು ನಾವು ಬರೆದದ್ದಲ್ಲ" ಎಂದು ಜಾರಿಕೊಳ್ಳಬಹುದು. ಆದ್ದರಿಂದ ಫಲಿತಾಂಶದ್ದೂ, ಪುಟದ ವಿಳಾಸ ಮತ್ತು ತಾರೀಕು ಕಾಣುವಂತೆ ಪುಟದ್ದೂ ಚಿತ್ರ ಇಟ್ಟುಕೊಳ್ಳಿ, ದುಡ್ಡು ಕಟ್ಟುವ ಮೊದಲೇ.

ಕೋಚಿಂಗ್ ಕ್ಷೇತ್ರದ ದಾರಿತಪ್ಪಿಸುವ ಜಾಹೀರಾತು ತಡೆಯಲು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಕೋರ್ಸ್‌ನಲ್ಲಿ ಏನಿದೆ, ಎಷ್ಟು ಅವಧಿ ಎಂಬುದರ ಬಗ್ಗೆ ಸುಳ್ಳು ಹೇಳುವುದೂ ಅದರ ವ್ಯಾಪ್ತಿಗೆ ಬರುತ್ತದೆ. ನಾವು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಫೀಸಿನ ಒಂದು ಭಾಗ ಬಂತು. ಸಹಾಯವಾಣಿ ಸಂಧಾನ ಮಾಡಿಸುತ್ತದೆ ಅಷ್ಟೇ, ಆದೇಶ ಕೊಡುವುದಿಲ್ಲ. ಉಳಿದದ್ದು ಬೇಕೆಂದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. ತಂಗಿ ಓದಿನ ನಡುವೆ ಅದು ಬೇಡವೆಂದಳು.

ಸೇರುವವರು ಫೋನಿನಲ್ಲಿ ಕೇಳಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕೇಳಿ: ಯಾವ ಟಿಇಟಿ, ಯಾವ ಪತ್ರಿಕೆ, ಯಾವ ಐಚ್ಛಿಕ ವಿಷಯ? ಪಾಠ ಆ ಹೊತ್ತಿಗೇ ನಡೆಯುತ್ತದೆಯೋ, ಮೊದಲೇ ರೆಕಾರ್ಡ್ ಮಾಡಿದ್ದೋ? "ಎಲ್ಲಾ ಇದೆ ಮೇಡಂ, ಮೊದಲು ಸೀಟ್ ಬುಕ್ ಮಾಡಿ" ಎಂಬ ಉತ್ತರ ಬಂದರೆ ಅಲ್ಲಿಗೇ ನಿಲ್ಲಿಸಿ. ಮೊದಲೇ ರೆಕಾರ್ಡ್ ಮಾಡಿಟ್ಟ ವಿಡಿಯೊಗೆ ಸೀಟು ಖಾಲಿಯಾಗುವುದು ಹೇಗೆ?