ಒಂದು ಸಭಾಂಗಣ, ಹಲವು ಕೋರಿಕೆ: ಗ್ರೀಡಿ ಸಾಕೇ, ಡೈನಮಿಕ್ ಪ್ರೋಗ್ರಾಮಿಂಗ್ ಬೇಕೇ?

ಒಂದೇ ಸಭಾಂಗಣ, ಮೂರು ಕೋರಿಕೆಗಳು: 9ರಿಂದ 11, 10ರಿಂದ 1, 12ರಿಂದ 2. ಹೆಚ್ಚು ಕಾರ್ಯಕ್ರಮಗಳು ನಡೆಯಬೇಕೆಂದರೆ ಆಯಾ ಹೊತ್ತಿಗೆ ಉತ್ತಮವೆನಿಸಿದ್ದನ್ನು ಆರಿಸುತ್ತಾ ಹೋಗುವ ಗ್ರೀಡಿ ವಿಧಾನವನ್ನೇ ಬಳಸಿ. ಬೇಗ ಮುಗಿಯುವುದನ್ನು ಮೊದಲು ತೆಗೆದುಕೊಂಡು, ಅದಕ್ಕೆ ಅಡ್ಡ ಬರುವುದನ್ನು ಬಿಡುತ್ತಾ ಹೋದರೆ ಮೊದಲನೆಯದೂ ಕೊನೆಯದೂ ಸಿಗುತ್ತವೆ. ಯಾವುದೇ ಉತ್ತಮ ಪಟ್ಟಿಯ ಮೊದಲ ಕಾರ್ಯಕ್ರಮದ ಜಾಗದಲ್ಲಿ ಎಲ್ಲಕ್ಕಿಂತ ಬೇಗ ಮುಗಿಯುವುದನ್ನು ಇಟ್ಟರೂ ಸಂಖ್ಯೆ ಕುಗ್ಗುವುದಿಲ್ಲ. ಈ ವಿಧಾನದ ಬಲವೆಲ್ಲ ಇಲ್ಲಿದೆ.

ಬಾಡಿಗೆಯ ಲೆಕ್ಕ ಬಂದೊಡನೆ ಈ ಅದಲುಬದಲು ನಡೆಯುವುದಿಲ್ಲ. ಕ್ರಮವಾಗಿ 500, 3000, 600 ರೂಪಾಯಿ ಎಂದಿಟ್ಟುಕೊಳ್ಳಿ: ಗ್ರೀಡಿಗೆ 1100, ನಡುವಿನದೊಂದಕ್ಕೇ 3000. ‘ಹೆಚ್ಚು ಬಾಡಿಗೆಯದು ಮೊದಲು’ ಎಂಬ ನಿಯಮವನ್ನೂ ನಾನು ನಂಬುವುದಿಲ್ಲ. ನಡುವಿನದು 1000 ಆದರೆ ಆ ನಿಯಮವೂ ಸೋಲುತ್ತದೆ. ಇಲ್ಲಿ ಡೈನಮಿಕ್ ಪ್ರೋಗ್ರಾಮಿಂಗ್ ಬೇಕು: ಮುಗಿಯುವ ಹೊತ್ತಿನ ಕ್ರಮದಲ್ಲಿ ಪ್ರತಿ ಕೋರಿಕೆಯನ್ನು ಬಿಟ್ಟರೆಷ್ಟು, ಅದು ಶುರುವಾಗುವ ಮುನ್ನ ಮುಗಿದವುಗಳ ಉತ್ತಮ ಮೊತ್ತಕ್ಕೆ ಸೇರಿಸಿದರೆಷ್ಟು ಎಂದು ನೋಡಿ, ದೊಡ್ಡದನ್ನು ಬರೆದಿಡಬೇಕು.